ಗೋದಾಮಿನ ಸರಕೇ ಸಾಲಕ್ಕೆ ಆಧಾರ

ಕೇಳುಗರೇ, ನಮಸ್ಕಾರ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಅಂದುಕೊಳ್ಳಿ. ಬ್ಯಾಂಕಿನಿಂದ ಒಂದು ಕೋಟಿ ರೂಪಾಯಿಯ ಕ್ಯಾಶ್ ಕ್ರೆಡಿಟ್, ಅಂದರೆ ಬೇಕಾದಾಗ ತೆಗೆದು ಮತ್ತೆ ಕಟ್ಟುವ ಸಾಲ, ಮಂಜೂರಾಗಿದೆ. ಆಧಾರವಾಗಿ ಕೊಟ್ಟಿರುವುದು ಗೋದಾಮಿನ ದಾಸ್ತಾನು ಮತ್ತು ಅಂಗಡಿಗಳಿಂದ ಬರಬೇಕಾದ ಬಾಕಿ. ಇದೇ ಹೈಪಾಥಿಕೇಶನ್. ಚಿನ್ನ ಅಡವಿಟ್ಟರೆ ಒಡವೆ ಬ್ಯಾಂಕಿನ ತಿಜೋರಿ ಸೇರುತ್ತದೆ. ಇಲ್ಲಿ ಹಾಗಲ್ಲ. ಸರಕು ಕಂಪನಿಯ ಬಳಿಯೇ ಇರುತ್ತದೆ, ದಿನವೂ ಮಾರಾಟವಾಗುತ್ತದೆ, ಹೊಸದು ಬರುತ್ತದೆ. ವ್ಯಾಪಾರದಲ್ಲಿ ಮಾರಿದ ಪ್ಯಾಂಟ್‌ನ ಮೇಲೆ ಬ್ಯಾಂಕಿಗೆ ಹಕ್ಕಿಲ್ಲ, ಅದರಿಂದ ಬರುವ ಹಣದ ಮೇಲೆ ಉಂಟು.

ಕರಾರಿಗೆ ಸಹಿ ಬಿದ್ದರೆ ಕೆಲಸ ಮುಗಿಯಲಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ 30 ದಿನದೊಳಗೆ ಸಿಎಚ್‌ಜಿ-1 ನಮೂನೆಯಲ್ಲಿ ಸರಕಿನ ಮೇಲಿನ ಬ್ಯಾಂಕಿನ ಈ ಹಕ್ಕನ್ನು, ಅಂದರೆ ಋಣಭಾರವನ್ನು, ಕಂಪನಿ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕು. ತಡವಾದರೆ ಹೆಚ್ಚಿನ ಶುಲ್ಕ ಕಟ್ಟಿ ಇನ್ನೂ 30 ದಿನ, ಆಮೇಲೆ ಮತ್ತೂ ಭಾರಿ ಶುಲ್ಕ ಕಟ್ಟಿ 60 ದಿನ ಸಿಗುತ್ತದೆ. ಕಂಪನಿ ಸುಮ್ಮನಿದ್ದರೆ ಬ್ಯಾಂಕೇ ಅರ್ಜಿ ಹಾಕಬಹುದು. ನೋಂದಣಿ ಆಗದಿದ್ದರೆ ಸಾಲವೇನೂ ಮನ್ನಾ ಆಗುವುದಿಲ್ಲ. ಆದರೆ ಕಂಪನಿ ದಿವಾಳಿಯಾದ ದಿನ ಅದರ ಆಸ್ತಿ ಮಾರಿ ಹಂಚುವ ಲಿಕ್ವಿಡೇಟರ್ ಆ ಋಣಭಾರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಬ್ಯಾಂಕು ಆಧಾರವಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇಂಥ ಆಧಾರಗಳ ಕೇಂದ್ರ ದಾಖಲೆಯಾದ ಸೆರ್ಸಾಯಿಯಲ್ಲಿ ಇನ್ನೊಂದು ನೋಂದಣಿಯೂ ಬೇಕು. ಅದಿಲ್ಲದೆ, ಕೋರ್ಟಿಗೆ ಹೋಗದೆಯೇ ಆಧಾರವನ್ನು ಮಾರಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ ವಸೂಲಿಗೆ ಇಳಿಯುವಂತಿಲ್ಲ.

ಇಷ್ಟಾದ ಮೇಲೂ ನಿಜವಾದ ಕಾವಲು ಇರುವುದು ಕಂಪನಿ ಪ್ರತಿ ತಿಂಗಳು ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ. ನಮ್ಮ ಕಂಪನಿ 80 ಲಕ್ಷದ ದಾಸ್ತಾನು ತೋರಿಸಿದೆ. ಅದರಲ್ಲಿ 20 ಲಕ್ಷದ ಬಟ್ಟೆಗೆ ಇನ್ನೂ ಹಣ ಕೊಟ್ಟಿಲ್ಲ. ಅದನ್ನು ಕಳೆದರೆ 60 ಲಕ್ಷ. ಕಾಲು ಭಾಗ ಮಾರ್ಜಿನ್, ಅಂದರೆ ಕಂಪನಿಯೇ ಭರಿಸಬೇಕಾದ ಪಾಲು, ತೆಗೆದರೆ 45 ಲಕ್ಷ. ಅಂಗಡಿಗಳ ಬಾಕಿ 40 ಲಕ್ಷ, ಅದರಲ್ಲಿ 10 ಲಕ್ಷ 90 ದಿನ ದಾಟಿದ ಹಳೆ ಬಾಕಿ, ಅದನ್ನು ಬ್ಯಾಂಕು ಬಿಡುತ್ತದೆ. ಉಳಿದ 30ಕ್ಕೆ ಶೇಕಡಾ 40 ಮಾರ್ಜಿನ್ ಕಳೆದರೆ 18. ಒಟ್ಟು ಡ್ರಾಯಿಂಗ್ ಪವರ್ 63 ಲಕ್ಷ. ಮಂಜೂರಾತಿ ಕೋಟಿಯಾದರೂ ತೆಗೆಯಬಹುದಾದದ್ದು ಇಷ್ಟೇ. ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ.

ಮೋಸ ನಡೆಯುವುದೂ ಇಲ್ಲೇ. ಫ್ಯಾಷನ್ ದಾಟಿದ ಪ್ಯಾಂಟಿಗೆ ಹೊಸ ಬೆಲೆ ಕಟ್ಟುವುದು, ವಸೂಲಾದ ಬಿಲ್ಲನ್ನೂ ಬಾಕಿಯಲ್ಲೇ ತೋರಿಸುವುದು. ಜಿಎಸ್‌ಟಿ ರಿಟರ್ನಿನ ಮಾರಾಟಕ್ಕೂ ಬಾಕಿ ಪಟ್ಟಿಗೂ ತಾಳೆಯಾಗದಿದ್ದರೆ, ಖಾತೆಗೆ ಜಮೆ ಕಡಿಮೆಯಾಗುತ್ತಾ ಬಂದರೆ, ಬ್ಯಾಂಕಿನ ಅಧಿಕಾರಿ ಗೋದಾಮಿಗೆ ಹೋಗಿ ಬಂಡಲ್ ಬಿಚ್ಚಿ ನೋಡಬೇಕು. ಹೊರಗಿನಿಂದ ಎಣಿಸಿ ಬರುವುದು ತಪಾಸಣೆಯಲ್ಲ.

ಖಾತೆ ಎನ್‌ಪಿಎ, ಅಂದರೆ ಮರುಪಾವತಿ ನಿಂತ ಸಾಲ, ಆದರೆ ಬ್ಯಾಂಕು 60 ದಿನದ ನೋಟಿಸ್ ಕೊಡುತ್ತದೆ. ಆಗಲೂ ಹಣ ಬಾರದಿದ್ದರೆ ಸರಕನ್ನು ವಶಪಡಿಸಿಕೊಂಡು ಮಾರಬಹುದು. ಅಷ್ಟರಲ್ಲಿ ಗೋದಾಮು ಖಾಲಿಯಾಗಿರುವುದೂ ಉಂಟು. ದಿವಾಳಿ ಸಂಹಿತೆಯಡಿ ಕಂಪನಿಯ ಮೇಲಿನ ಅರ್ಜಿ ಅಂಗೀಕಾರವಾಗಿ ಮೊರಟೋರಿಯಂ ಬಂದರಂತೂ ಈ ವಸೂಲಿ ಅಲ್ಲಿಗೇ ನಿಲ್ಲಬೇಕು.

ಮೊರಟೋರಿಯಂ ಇಲ್ಲದಿದ್ದರೆ, ನೋಟಿಸಿನ ಅವಧಿ ಮುಗಿದ ಮೇಲೆ, ಕಂಪನಿಗೆ ಹಣ ಕೊಡಬೇಕಾದ ಅಂಗಡಿಗಳಿಗೂ ಬ್ಯಾಂಕು ಪತ್ರ ಬರೆಯಬಹುದು: ಆ ಬಾಕಿಯನ್ನು ನಮಗೇ ಕಟ್ಟಿ ಎಂದು. ಅಂಥ ಪತ್ರ ನಿಮ್ಮ ಅಂಗಡಿಗೆ ಬಂದರೆ ಗಾಬರಿ ಬೇಡ. ಕಾಯ್ದೆ ಪ್ರಕಾರ ಬ್ಯಾಂಕಿಗೆ ಕಟ್ಟಿದ ಹಣ ಕಂಪನಿಗೇ ಕಟ್ಟಿದಂತೆ. ರಸೀದಿ ಮಾತ್ರ ಮರೆಯದೆ ಪಡೆದುಕೊಳ್ಳಿ.

ನಮಸ್ಕಾರ.