ಬಿಸಿಲು ಬರೆದ ವೇಳಾಪಟ್ಟಿ

ಫ್ರಿಜ್ ಬಾಗಿಲಿನ ಮೇಲೆ ಅಂಟಿಸಿರುವ ಈ ಹಾಳೆ ನನ್ನ ಮಗಳ ಬೇಸಿಗೆ ರಜೆಯ ವೇಳಾಪಟ್ಟಿ. ಅವಳಿಗೆ ಒಂಬತ್ತು ವರ್ಷ. ಶಾಲೆಯ ವೇಳಾಪಟ್ಟಿಯ ಹಾಗೆ ಇದರಲ್ಲಿ ಗಂಟೆಗೊಂದು ಚೌಕವಿಲ್ಲ. ದಾವಣಗೆರೆಯ ಏಪ್ರಿಲ್‌ನಲ್ಲಿ ಹೊರಗೆ ಯಾವಾಗ ಹೋಗಬಹುದು, ಯಾವಾಗ ಒಳಗಿರಬೇಕು ಎಂದು ನಿರ್ಧರಿಸುವುದು ಬಿಸಿಲೇ. ಉಳಿದದ್ದನ್ನು ಅದರ ಸುತ್ತ ಹೊಂದಿಸಿದ್ದೇವೆ.

ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗೆ ಸೈಕಲ್, ಲಗೋರಿ, ಏನು ಬೇಕಾದರೂ ಆಡಬಹುದು. ತಿಂಡಿಯಾದ ಮೇಲೆ ಮನೆಗೆಲಸ. ‘ಅಮ್ಮನಿಗೆ ಸಹಾಯ’ ಎಂದು ಬರೆದರೆ ಯಾವ ಮಗುವಿಗೂ ಏನೂ ಅರ್ಥವಾಗುವುದಿಲ್ಲ. ಆದ್ದರಿಂದ ಹಾಳೆಯಲ್ಲಿ ಹೀಗಿದೆ: ನೀರಿನ ಬಾಟಲಿಗಳನ್ನು ತುಂಬಿಸುವುದು, ಒಣಗಿದ ಬಟ್ಟೆ ಮಡಚುವುದು, ಅಜ್ಜಿಯ ಸಂಡಿಗೆ. ಮೊದಲ ಎರಡಕ್ಕೆ ಗೊಣಗಾಟ ಇದ್ದದ್ದೇ. ಸಂಡಿಗೆಗೆ ಮಾತ್ರ ಕರೆಯುವ ಮೊದಲೇ ಹಾಜರು. ನೋಡಿ, ಹಳೆಯ ಪಂಚೆಯ ಮೇಲೆ ಹಾಕಿದ ಅಕ್ಕಿ ಸಂಡಿಗೆ ಒಣಗಿ ಬಟ್ಟೆಗೆ ಕಚ್ಚಿಕೊಂಡಿದೆ. ಅಜ್ಜಿ ಪಂಚೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸುತ್ತಾರೆ. ಒಂದು ನಿಮಿಷ ಬಿಟ್ಟು ಇವಳು ಒಂದೊಂದಾಗಿ ಬಿಡಿಸುತ್ತಾಳೆ. ಅವಸರ ಮಾಡಿದರೆ ಮುರಿಯುತ್ತದೆ. ಮುರಿದದ್ದೆಲ್ಲ ಬಾಯಿಗೆ ಹೋಗುವುದರಿಂದ ಅವಸರ ಬೇಕೆಂದೇ ಎಂಬ ಗುಮಾನಿ ನನಗಿದೆ.

ಹನ್ನೊಂದರಿಂದ ಮೂರೂವರೆವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಊಟ, ಅಜ್ಜಿಯೊಂದಿಗೆ ಚೌಕಾಬಾರ, ಅರ್ಧ ಗಂಟೆ ಓದು. ಪುಸ್ತಕವನ್ನು ಆರಿಸುವವಳು ಅವಳೇ, ಓದಿದ್ದನ್ನೇ ಮತ್ತೆ ಓದಿದರೂ ತಕರಾರಿಲ್ಲ. ‘ಮೊಬೈಲ್‌ನಲ್ಲಿ ಕಥೆ ಓದಿದರೆ ಅದು ಓದಲ್ಲವೇ ಅಮ್ಮಾ?’ ಎಂದು ಕೇಳಿದ್ದಳು. ಓದೇ, ಆದರೆ ಮೊಬೈಲ್‌ನ ಲೆಕ್ಕಕ್ಕೆ ಬರೆಯೋಣ ಎಂದೆ.

ಮೊಬೈಲ್, ಟಿವಿ ಎರಡೂ ಸೇರಿ ದಿನಕ್ಕೆ ಒಂದೇ ಗಂಟೆ, ನಾಲ್ಕರಿಂದ ಐದು. ಎಷ್ಟು ಹೊತ್ತು ಎನ್ನುವಷ್ಟೇ ಮುಖ್ಯ, ಅದರ ನಂತರ ಏನಿದೆ ಎನ್ನುವುದು. ಐದಕ್ಕೆ ಕೆಳಗಿನಿಂದ ಗೆಳತಿಯರ ಕೂಗು ಕೇಳುತ್ತದೆ, ಮೊಬೈಲ್ ತಾನಾಗಿ ಸೋಫಾ ಮೇಲೆ ಬೀಳುತ್ತದೆ. ಅದೇ ಒಂದು ಗಂಟೆ ಸ್ನಾನಕ್ಕೋ ಮಗ್ಗಿಗೋ ಮುಂಚೆ ಇದ್ದರೆ ದಿನವೂ ರಂಪ. ರಾತ್ರಿ ಇದ್ದರೆ ನಿದ್ದೆ ಮುಂದಕ್ಕೆ ಹೋಗುತ್ತದೆ, ಬೆಳಗಿನ ಆಟವೂ ತಪ್ಪುತ್ತದೆ. ವಿಡಿಯೊ ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುವ ಆಟೊಪ್ಲೇ ಸೌಲಭ್ಯವನ್ನು ಆಫ್ ಮಾಡಿದ್ದೇನೆ. ‘ಐದು ನಿಮಿಷ’ ಎನ್ನುವ ಬದಲು ‘ಇದು ಮುಗಿದ ಮೇಲೆ’ ಎನ್ನುತ್ತೇನೆ. ಕಥೆಯನ್ನು ನಡುವೆ ಕತ್ತರಿಸಿದರೆ ದೊಡ್ಡವರಿಗೂ ಸಿಟ್ಟು ಬರುತ್ತದಲ್ಲ.

ಮನೆಗೆ ನೆಂಟರು ಬಂದಾಗ, ಊರಿಗೆ ಹೋದಾಗ ಈ ಹಾಳೆ ನಡೆಯುವುದಿಲ್ಲ, ನಡೆಸಲೂ ಬಾರದು. ಆಗ ಉಳಿಯುವುದು ಎರಡೇ: ಮಲಗುವ ಹೊತ್ತು ಮತ್ತು ಮೊಬೈಲ್‌ನ ಆ ಒಂದು ಗಂಟೆ. ಮದುವೆಯ ಸೀಸನ್‌ನಲ್ಲಿ ಮಲಗುವ ಹೊತ್ತೂ ಕೈತಪ್ಪುತ್ತದೆ. ಅದಕ್ಕೇ ಮೇ ಕೊನೆಯಲ್ಲಿ ಶಾಲೆ ತೆರೆಯುವ ಹಿಂದಿನ ವಾರ ದಿನಕ್ಕೆ ಕಾಲು ಗಂಟೆಯಂತೆ ಮಲಗುವುದನ್ನು ಹಿಂದಕ್ಕೆ ತರುತ್ತೇವೆ.