ಡ್ರಾ ಬಿಡಿ, ಡಬ್ಬಿಯೊಳಗೆ ಯಾರದ್ದೆಷ್ಟು ಚೀಟಿ ಇತ್ತು ಅಂತ ಕೇಳಿ

ನಮಸ್ಕಾರ. ಟ್ರೆಕ್ಕಿಗೆ ಸೀಟಿಗಿಂತ ಅರ್ಜಿ ಜಾಸ್ತಿ ಬಂದಾಗ ಲಾಟರಿ ಎತ್ತಿ ಸೀಟು ಕೊಡ್ತಾರಲ್ಲ, ಅದರ ಬಗ್ಗೆ ಕಳೆದ ವಿಡಿಯೋ ಕೆಳಗೆ ಬಂದಿರೋ ಒಂದು ಕಾಮೆಂಟು, ಇದ್ದದ್ದು ಇದ್ದ ಹಾಗೇ ಓದ್ತೀನಿ ಕೇಳಿ. "ಟ್ರೆಕ್ ಲಾಟರಿ ಎಲ್ಲಾ ಫಿಕ್ಸ್ ಗುರು. ನಾವು ಐದು ಜನ ಹಾಕಿದ್ವಿ, ಒಬ್ಬರಿಗೂ ಬರಲಿಲ್ಲ. ಇನ್ನೊಂದು ಗ್ಯಾಂಗಿಗೆ ಐದಕ್ಕೈದೂ ಬಂತು. ಇದು ಹೆಂಗ್ ಸಾಧ್ಯ?" ಇದಕ್ಕೆ ನಾನೂರು ಲೈಕು. ಕೆಳಗೆ ಒಬ್ಬರು "ಸಾಫ್ಟ್‌ವೇರ್ ಒಳಗೇ ಕೈ ಹಾಕ್ತಾರೆ" ಅಂತಾರೆ, ಇನ್ನೊಬ್ಬರು "ಡ್ರಾನ ಲೈವ್ ತೋರಿಸಬೇಕು" ಅಂತಾರೆ.

ಸ್ವಾಮಿ, ಐದಕ್ಕೈದೂ ಬರೋದು ಆರಾಮಾಗಿ ಸಾಧ್ಯ. ಯಾರೂ ಕೈ ಹಾಕಬೇಕಾಗಿಲ್ಲ. ಡ್ರಾ ಎತ್ತೋ ಕ್ಷಣದಲ್ಲಿ ಮೋಸ ಮಾಡೋದು ಕಷ್ಟ, ಅದರ ಅಗತ್ಯವೂ ಇಲ್ಲ. ಹೆಚ್ಚುಕಮ್ಮಿ ಆಗೋದೆಲ್ಲ ಅದಕ್ಕಿಂತ ಮುಂಚೆ, ಡಬ್ಬಿಗೆ ಚೀಟಿ ಹಾಕೋವಾಗ. ಇವತ್ತು ನಾನು ಹೇಳೋದು ಇದೊಂದೇ ಮಾತು: ಡ್ರಾ ಬಿಡಿ, ಚೀಟಿ ಎಣಿಸಿ.

ಲೆಕ್ಕ ಹಾಕೋಣ. ಪೆನ್ನು ತಗೊಳ್ಳಿ. ಬೇಡ, ಗಾಡಿ ಓಡಿಸ್ತಾ ಕೇಳ್ತಿರೋರು ತಗೋಬೇಡಿ. ಸೀಟು 100, ಅರ್ಜಿ ಹಾಕಿದ ಜನ 1,000. ಅದರಲ್ಲಿ 500 ಜನ ಒಬ್ಬೊಬ್ಬರೇ ಹೋಗೋರು. ಉಳಿದ 500 ಜನ ಐದೈದರ ಗುಂಪು, ಅಂದ್ರೆ 100 ಗುಂಪು.

ಮೊದಲನೇ ಪದ್ಧತಿ: ಗುಂಪಿಗೆ ಒಂದೇ ಚೀಟಿ. ಒಂಟಿಯವರದ್ದು 500, ಗುಂಪಿನದ್ದು 100, ಒಟ್ಟು 600 ಚೀಟಿ. ಸರಾಸರಿ 60 ಚೀಟಿ ಎತ್ತೋ ಹೊತ್ತಿಗೆ 100 ಸೀಟು ತುಂಬುತ್ತೆ. ಒಂಟಿಯವರಿಗೂ ಹತ್ತಕ್ಕೆ ಒಂದು ಅವಕಾಶ, ಗುಂಪಿಗೂ ಹತ್ತಕ್ಕೆ ಒಂದು. ಗೆದ್ದ ಗುಂಪಿನ ಐದೂ ಜನ ಹೋಗ್ತಾರೆ, ಸೋತ ಗುಂಪಿನ ಐದೂ ಜನ ಮನೇಲಿರ್ತಾರೆ. ನಮ್ಮ ಕಾಮೆಂಟಿನವರಿಗೆ ಆಗಿದ್ದು ಇದೇ ಇರಬಹುದು. ನೋಡೋಕೆ ಅನ್ಯಾಯದ ಥರ ಕಾಣುತ್ತೆ, ಲೆಕ್ಕದಲ್ಲಿ ಎಲ್ಲರೂ ಸಮ.

ಎರಡನೇದು: ಗುಂಪಿನ ಪ್ರತಿಯೊಬ್ಬರೂ ಬೇರೆ ಬೇರೆ ಅರ್ಜಿ ಹಾಕಬಹುದು, ಪ್ರತಿ ಅರ್ಜಿಯಲ್ಲೂ ಉಳಿದ ನಾಲ್ಕು ಜನರ ಹೆಸರು ಸೇರಿಸಬಹುದು, ಯಾರದ್ದು ಬಂದ್ರೂ ಐದೂ ಜನಕ್ಕೆ ಸೀಟು. ಫಾರಂನಲ್ಲಿ "ನಾಯಕನ ಹೆಸರು, ಸದಸ್ಯರ ಹೆಸರು" ಅಂತ ಕೇಳಿ, ಒಬ್ಬರ ಹೆಸರು ಎರಡು ಕಡೆ ಬಂದಿದೆಯಾ ಅಂತ ನೋಡದೇ ಬಿಟ್ಟರೆ ಸಾಕು, ತಾನಾಗೇ ಈ ಪದ್ಧತಿ ಆಗ್ಬಿಡುತ್ತೆ. ಈಗ ಡಬ್ಬಿಯಲ್ಲಿ 1,000 ಚೀಟಿ. ಒಂಟಿಯವರದ್ದು ಒಂದೊಂದು, ಪ್ರತಿ ಗುಂಪಿನದ್ದು ಐದೈದು. ಲೆಕ್ಕ ಮಾಡಿದ್ರೆ ಒಂಟಿಯವರ ಅವಕಾಶ ಶೇಕಡಾ 10ರಿಂದ ಸುಮಾರು ಮೂರೂವರೆಗೆ ಇಳಿಯುತ್ತೆ, ಗುಂಪಿನವರದ್ದು ಸುಮಾರು ಹದಿನಾರೂವರೆಗೆ ಏರುತ್ತೆ. 100 ಸೀಟಲ್ಲಿ ಹೆಚ್ಚುಕಡಿಮೆ 82 ಗುಂಪಿನವರಿಗೆ, 18 ಒಂಟಿಯವರಿಗೆ. ಅದೇ ಜನ, ಅದೇ ಸೀಟು, ಅದೇ ಪ್ರಾಮಾಣಿಕ ಡ್ರಾ! ನೀವು ಲೈವ್ ತೋರಿಸಿ, ಪುಟ್ಟ ಮಗು ಕೈಯಲ್ಲಿ ಚೀಟಿ ಎತ್ತಿಸಿ, ಪೂಜೆ ಬೇಕಾದ್ರೂ ಮಾಡಿಸಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಡ್ರಾ ಬಿಡಿ, ಚೀಟಿ ಎಣಿಸಿ ಅಂದೆ. ಕೇಳಿಸ್ತಾ?

ಮೂರನೇದೂ ಒಂದಿದೆ, ಅದನ್ನ ಬೇಗ ಮುಗಿಸ್ತೀನಿ. ಗುಂಪೇ ಇಲ್ಲ, ಎಲ್ಲರೂ ಬಿಡಿಬಿಡಿ. ಕೇಳೋಕೆ ಚೆಂದ. ಆದ್ರೆ ಐದು ಸ್ನೇಹಿತರಿಗೂ ಒಟ್ಟಿಗೆ ಬರೋ ಸಾಧ್ಯತೆ ಲಕ್ಷಕ್ಕೆ ಒಂದು. ಐವರಲ್ಲಿ ಒಬ್ಬರಿಗಾದ್ರೂ ಬರೋ ಸಾಧ್ಯತೆ ಶೇಕಡಾ 41. ಬಂದ್ರೂ ಸಾಮಾನ್ಯವಾಗಿ ಒಬ್ಬನಿಗೆ ಮಾತ್ರ ಬರುತ್ತೆ, ಅವನು "ನೀವಿಲ್ದೆ ನಾನೊಬ್ಬನೇ ಹೋಗ್ಲಾ?" ಅಂತ ಕೊನೇ ವಾರ ರದ್ದು ಮಾಡ್ತಾನೆ. ರದ್ದುಗಳ ರಾಶಿ ಬಿದ್ದಿರೋದು ಕಂಡ್ರೆ ಸಂಘಟಕರು ಜನರ ಮೇಲೆ ರೇಗೋ ಮುಂಚೆ ತಮ್ಮ ನಿಯಮ ನೋಡ್ಕೋಬೇಕು.

ಇಲ್ಲೊಂದು ಸಣ್ಣ ವಿರಾಮ. ಇಲ್ಲೀವರೆಗೆ ಲೆಕ್ಕ ಅರ್ಥ ಆಗಿದ್ರೆ ಲೈಕ್ ಒತ್ತಿ. ಅರ್ಥ ಆಗದಿದ್ರೂ ಒತ್ತಿ, ಅಲ್ಗಾರಿದಮ್ಮಿಗೆ ವ್ಯತ್ಯಾಸ ಗೊತ್ತಾಗಲ್ಲ.

ಸರಿ. "ಹಂಗಾದ್ರೆ ಒಬ್ಬರ ಹೆಸರು ಒಂದೇ ಅರ್ಜಿಯಲ್ಲಿ ಅಂತ ನಿಯಮ ಮಾಡಿದ್ರೆ ಮುಗೀತಲ್ಲ?" ಅಂತೀರಿ. ನಿಯಮ ಬರೆಯೋದು ಒಂದು ಸಾಲು, ಹಿಡಿಯೋದು ಒಂದು ವಾರದ ಕೆಲಸ. ಹೆಸರು ಹೋಲಿಸಿ ಹುಡುಕಿದ್ರೆ ಸಿಗಲ್ಲ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಒಂದು ಕಡೆ ಡಬಲ್ ಎ, ಇನ್ನೊಂದು ಕಡೆ ಸಿಂಗಲ್. ಕಂಪ್ಯೂಟರಿಗೆ ಇವರು ಇಬ್ಬರು ಮನುಷ್ಯರು. ಫೋನ್ ನಂಬರೂ ಆಗಲ್ಲ, ಎರಡೆರಡು ಸಿಮ್ ಇಟ್ಟಿರ್ತಾರೆ. ಯಾವ ಗುರುತಿನ ಚೀಟಿಯನ್ನ ಆ ದಿನ ಗೇಟಲ್ಲಿ ತೋರಿಸಬೇಕೋ ಅದರ ನಂಬರನ್ನೇ ಅರ್ಜಿಯಲ್ಲಿ ಪಡೆದು, ಖಾಲಿ ಜಾಗ, ಅಡ್ಡಗೆರೆ ಎಲ್ಲ ತೆಗೆದು ಹೋಲಿಸಬೇಕು. ಪಾಸ್‌ಪೋರ್ಟ್ ಕೊಟ್ಟೋರು ಪಾಸ್‌ಪೋರ್ಟೇ ತರಬೇಕು. ಬೇರೆ ಗುರುತು ತಂದ್ರೂ ನಡೆಯುತ್ತೆ ಅಂದ್ರೆ ಇಷ್ಟೂ ವ್ಯರ್ಥ.

ಸಿಕ್ಕಿಬಿದ್ದ ಮೇಲೆ? ಒಂದು ಅರ್ಜಿ ಉಳಿಸಿ ಇನ್ನೊಂದು ತೆಗೆದ್ರೆ ಯಾರಿಗೂ ಭಯ ಇಲ್ಲ, ಎಲ್ಲರೂ ಐದೈದು ಹಾಕಿ ನೋಡ್ತಾರೆ. ಎಲ್ಲಾ ಅರ್ಜಿ ರದ್ದು ಮಾಡಿದ್ರೆ ಭಯ ಇರುತ್ತೆ, ಆದ್ರೆ ಆಗ ನನಗಾಗದವನ ನಂಬರನ್ನ ನಾನೊಂದು ಸುಳ್ಳು ಗುಂಪಿಗೆ ಸೇರಿಸಿ ಅವನ ಅರ್ಜಿಯನ್ನೇ ಉಡಾಯಿಸಬಹುದು. ಅದಕ್ಕೇ ಪ್ರತಿ ಸದಸ್ಯರ ಮೊಬೈಲಿಗೆ ಒಟಿಪಿ ಹೋಗಬೇಕು, ಒಪ್ಪಿದ ಮೇಲೆ ಮಾತ್ರ ಹೆಸರು ಗುಂಪಿಗೆ ಸೇರಬೇಕು. ಒಪ್ಪಿಗೆ ಮೊದಲು, ರದ್ದು ಆಮೇಲೆ.

ಇನ್ನೊಂದು ಮಜಾ ಇದೆ. ಗುಂಪಿಗೆ ಒಂದೇ ಚೀಟಿ ಅಂದಾಗ ಮೂರು ಜನ ಇದ್ದೋರೂ ಐದು ಹೆಸರು ತುಂಬ್ತಾರೆ. ಅವಕಾಶ ಅಷ್ಟೇ ಇದ್ದು ಸೀಟು ಹೆಚ್ಚು ಸಿಗುತ್ತಲ್ಲ! ಗೆದ್ದ ಮೇಲೆ ಎರಡು ಹೆಸರು "ಬದಲಾವಣೆ". ಆ ಎರಡು ಸೀಟು ಎಲ್ಲಿಗೆ, ಎಷ್ಟಕ್ಕೆ ಹೋಗುತ್ತೆ ಅಂತ ನಾನು ಹೇಳಬೇಕಾ? ಮದ್ದು ಸರಳ: ಹೆಸರು ಬದಲಾವಣೆ ಇಲ್ಲ. ಬರದಿದ್ರೆ ಸೀಟು ವೇಟಿಂಗ್ ಲಿಸ್ಟಿಗೆ.

ವೇಟಿಂಗ್ ಲಿಸ್ಟ್ ಅಂದ ತಕ್ಷಣ ನೆನಪಾಯ್ತು, "ನಾನು ವೇಟಿಂಗ್ ಒಂದು, ನನ್ನ ಬಿಟ್ಟು ವೇಟಿಂಗ್ ಮೂರಕ್ಕೆ ಕೊಟ್ಟಿದ್ದಾರೆ" ಅಂತ ಇನ್ನೊಬ್ಬರ ಗೋಳು. ನೀವು ಐದು ಜನದ ಗುಂಪು ತಾನೆ? ಖಾಲಿ ಆಗಿದ್ದು ಒಂದೇ ಸೀಟು. ನಿಮ್ಮ ಗುಂಪು ಅದರಲ್ಲಿ ಹಿಡಿಯಲ್ಲ, ಅದಕ್ಕೆ ಮುಂದಿನ ಒಂಟಿಯವರಿಗೆ ಹೋಯ್ತು. ಮುಖ್ಯ ಪಟ್ಟಿಯ ಕೊನೇಲೂ ಇದೇ ಕಥೆ: ಮೂರು ಸೀಟು ಉಳಿದಿದೆ, ಮುಂದಿನ ಚೀಟಿ ಐದರದ್ದು. ಆ ಗುಂಪನ್ನ ಬಿಟ್ಟು ಮುಂದಿನ ಚೀಟಿಗೆ ದಾಟಿದ್ರೆ ಒಂಟಿಯವರಿಗೆ ಲಾಭ, ಗುಂಪು ಒಡೆದ್ರೆ ಜಗಳ, ಎರಡು ಸೀಟು ಹೆಚ್ಚಿಗೆ ಕೊಟ್ಟರೆ ಟೆಂಟು ಎಲ್ಲಿಂದ? 300 ಸೀಟಿಗೆ ಇದು ಲೆಕ್ಕಕ್ಕಿಲ್ಲ, 20 ಸೀಟಿನ ತರಬೇತಿಗೆ ದೊಡ್ಡ ವ್ಯತ್ಯಾಸ. ಅದಕ್ಕೇ ಗುಂಪಿಗೆ ಮಿತಿ ಇಡ್ತಾರೆ. ಅಮೆರಿಕದ ಯೊಸೆಮಿಟಿಯಲ್ಲಿ ಹಾಫ್ ಡೋಮ್ ಹತ್ತೋ ಲಾಟರಿಯಲ್ಲಿ ಒಂದು ಅರ್ಜಿಗೆ ಹೆಚ್ಚೆಂದರೆ ಆರು ಜನ. ಹಿಡಿಯದ ಗುಂಪನ್ನ ಬಿಟ್ಟು ಮುಂದಕ್ಕೆ ದಾಟೋದೇ ವಾಸಿ, ಆದ್ರೆ ಅದನ್ನ ಡ್ರಾಗೆ ಮುಂಚೆ ಬರೆದು ಹಾಕಿರಬೇಕು. ಆಮೇಲೆ ಹೇಳಿದ್ರೆ ಯಾರು ನಂಬ್ತಾರೆ?

ಈಗ ಬುದ್ಧಿವಂತರ ಕಾಮೆಂಟುಗಳು. "ಮೊದಲು ಬಂದವರಿಗೆ ಮೊದಲು ಕೊಟ್ಟರಾಯ್ತು." ಹೌದಪ್ಪ, ಹತ್ತು ಗಂಟೆಗೆ ತೆರೆದ ಬುಕಿಂಗು ಹತ್ತೂ ಒಂದಕ್ಕೆ ಮುಗಿಯುತ್ತೆ, ಯಾರ ಇಂಟರ್‌ನೆಟ್ ಚುರುಕೋ ಅವರು ಬೆಟ್ಟ ಹತ್ತಲಿ. "ಫಿಟ್‌ನೆಸ್ ಇದ್ದೋರಿಗೆ ಕೊಡಿ." ಅದನ್ನ ಅರ್ಹತೆ ಅಂತ ಇಡಿ, ಪಾಸಾದೋರೆಲ್ಲರಿಗೂ ಒಂದೇ ಚೀಟಿ. ಓಡೋದ್ರಲ್ಲಿ ಎರಡು ಸೆಕೆಂಡು ಮುಂದಿದ್ದೋನಿಗೆ ಎರಡು ಚೀಟಿ ಕೊಡೋಕೆ ಇದೇನು ಒಲಿಂಪಿಕ್ಸಾ?

"ವರ್ಷಾನುಗಟ್ಟಲೆ ಹಾಕ್ತಿರೋರಿಗೆ ಹೆಚ್ಚು ಚೀಟಿ ಕೊಡಬಾರದಾ?" ಇದು ಮಾತ್ರ ಪ್ರಶ್ನೆ. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟದ ಲಾಟರಿಯಲ್ಲಿ ಸೋತ ಪ್ರತಿ ವರ್ಷಕ್ಕೆ ಚೀಟಿ ದುಪ್ಪಟ್ಟಾಗುತ್ತೆ: 1, 2, 4, 8, ಏಳನೇ ಸಲಕ್ಕೆ 64. ಕೊಡಬಹುದು. ಆದ್ರೆ ಸೀಟು ಹೆಚ್ಚಾಗಲ್ಲ, ಹಳಬರಿಗೆ ಕೊಟ್ಟಿದ್ದು ಹೊಸಬರಿಂದ ತೆಗೆದಿದ್ದೇ. ಕೊಟ್ಟರೆ ಬರೆದು ಕೊಡಿ. ನೋಡಿದ್ರಾ, ಮತ್ತೆ ಚೀಟಿ ಎಣಿಸೋದಕ್ಕೇ ಬಂದ್ವಿ!

"ಅಂದ್ರೆ ಡ್ರಾದಲ್ಲಿ ತಪ್ಪೇ ಆಗಲ್ವಾ?" ಆಗುತ್ತೆ, ಆದ್ರೆ ಅಲ್ಲೂ ತಪ್ಪು ತುಂಬೋದ್ರಲ್ಲೇ. 1969ರ ಡಿಸೆಂಬರ್ 1ರಂದು ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನ ಕರೆಯೋಕೆ ಹುಟ್ಟಿದ ದಿನಗಳ ಲಾಟರಿ ಎತ್ತಿತು. ಒಂದೊಂದರೊಳಗೆ ಒಂದೊಂದು ದಿನಾಂಕದ ಚೀಟಿ ಇದ್ದ 366 ಗುಳಿಗೆ, ಜನವರಿಯಿಂದ ತಿಂಗಳ ಪ್ರಕಾರ ಹಾಕಿದ್ರು, ಸರಿಯಾಗಿ ಕಲಸಲಿಲ್ಲ. ವರ್ಷದ ಕೊನೇ ತಿಂಗಳುಗಳಲ್ಲಿ ಹುಟ್ಟಿದೋರ ದಿನಾಂಕಗಳೇ ಬೇಗ ಬೇಗ ಬಂದ್ವು, ಅಂದ್ರೆ ಅವರಿಗೇ ಮೊದಲು ಕರೆ. ಟಿವಿಯಲ್ಲಿ ಲೈವ್ ಇತ್ತು ಸ್ವಾಮಿ, ಲೈವ್! ಲೈವ್ ಏನು ಕಾಪಾಡ್ತು?

ಇವತ್ತಿನ ಗುಳಿಗೆ ಅಂದ್ರೆ ಎಕ್ಸೆಲ್. `RAND()` ಹಾಕಿ ಸಾರ್ಟ್ ಮಾಡ್ತಾರೆ. ಹಾಳೆಯಲ್ಲಿ ಎಲ್ಲಿ ಏನು ತಿದ್ದಿದ್ರೂ ಆ ಸಂಖ್ಯೆಗಳೆಲ್ಲ ಹೊಸದಾಗಿ ಬದಲಾಗುತ್ತೆ. ಆಮೇಲೆ ಯಾರಾದ್ರೂ "ಹೇಗೆ ಬಂತು ತೋರಿಸಿ" ಅಂದ್ರೆ ತೋರಿಸೋಕೆ ಏನೂ ಇರಲ್ಲ. ಸಂಖ್ಯೆ ಬಂದ ತಕ್ಷಣ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿಟ್ಟು, ಆಮೇಲೆ ಸಾರ್ಟ್ ಮಾಡಿ. ಒಂದೇ ಸಲ ಇಡೀ ಪಟ್ಟಿಗೆ ಕ್ರಮಾಂಕ ಕೊಡಿ, 1ರಿಂದ 600. ವೇಟಿಂಗ್ ಲಿಸ್ಟ್ ಅದರ ಮುಂದುವರಿಕೆ ಅಷ್ಟೇ, ಅದಕ್ಕೆ ಬೇರೆ ಡ್ರಾ ಬೇಡ. ಎರಡನೇ ಡ್ರಾ ಇದ್ದ ಕಡೆ ಎರಡನೇ ಬಾಗಿಲೂ ಇರುತ್ತೆ.

ಅದಕ್ಕೂ ಮುಂಚೆ, ಪಟ್ಟಿ ಮುಚ್ಚಿದ ದಿನವೇ ಹಾಕಿ: ಅರ್ಜಿ ಎಷ್ಟು, ಜನ ಎಷ್ಟು, ಒಂಟಿ ಎಷ್ಟು, ಗುಂಪು ಎಷ್ಟು, ಎರಡೆರಡು ಹೆಸರಿದ್ದು ತೆಗೆದಿದ್ದು ಎಷ್ಟು. ಐದು ಅಂಕಿ! ಇಷ್ಟು ಹಾಕೋಕೆ ಏನು ಕಷ್ಟ? "ಗೌಪ್ಯತೆ" ಅಂತಾರೆ. ಅಂಕಿಗೆ ಯಾವ ಗೌಪ್ಯತೆ ರೀ? "ಸಿಬ್ಬಂದಿ ಇಲ್ಲ" ಅಂತಾರೆ. ಸೆಲ್ಫಿ ಪಾಯಿಂಟ್ ಕಟ್ಟೋಕೆ ಸಿಬ್ಬಂದಿ ಇದ್ದಾರೆ! ಚೀಟಿ ಎಣಿಸಿ ಅಂದ್ರೆ ಇಲ್ಲ! ನಾನು ಕೂಗ್ತಾ ಇದೀನಿ, ಗೊತ್ತು, ಎಡಿಟ್‌ನಲ್ಲಿ ಸೌಂಡ್ ಕಮ್ಮಿ ಮಾಡ್ತಾರೆ.

ಹೂಂ. ನೀವು ಅರ್ಜಿ ಹಾಕಿರೋ ಕಾರ್ಯಕ್ರಮದ ನಿಯಮ ಪುಟದಲ್ಲಿ ಗುಂಪಿನ ಬಗ್ಗೆ ಏನು ಬರೆದಿದೆ ಅಂತ ಸ್ಕ್ರೀನ್‌ಶಾಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಒಂದೊಂದೇ ಬಿಡಿಸೋಣ. ಗುಂಪಿನ ಬಗ್ಗೆ ಒಂದು ಸಾಲೂ ಇಲ್ಲ ಅಂದ್ರೆ ಆ ಖಾಲಿ ಪುಟವನ್ನೇ ಕಳಿಸಿ, ಅದೇ ಥಂಬ್‌ನೇಲ್. ಸಬ್‌ಸ್ಕ್ರೈಬ್ ಆಗಿ. ಒಬ್ಬೊಬ್ಬರು ಒಂದೇ ಅಕೌಂಟಿಂದ ಆಗಿ ಅಂತ ಹೇಳ್ಬೇಕು, ಆದ್ರೆ ಆ ವಿಷಯದಲ್ಲಿ ಮಾತ್ರ ನನ್ನದೇನೂ ಅಭ್ಯಂತರ ಇಲ್ಲ.