ಸೇತುವೆಯ ಯಾವ ಕಡೆ ಇಟ್ಟಿದ್ದೀರಿ, ಅದನ್ನ ಹೇಳಿ!

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸರ್, ಸುಮ್ಮನೆ ಜನರನ್ನ ಹೆದರಿಸಬೇಡಿ. ಜಿಲ್ಲಾ ಕೇಂದ್ರದ ಗೋದಾಮಿನಲ್ಲಿ ಅಕ್ಕಿ, ಬೇಳೆ, ಕಂಬಳಿ ಎಲ್ಲಾ ತುಂಬಿಟ್ಟಿದ್ದಾರೆ. ನೆರೆ ಬಂದ ದಿನ ಲಾರಿ ಹೊರಡುತ್ತೆ."

ಲಾರಿ ಹೊರಡುತ್ತೆ. ಸರಿ. ಎಲ್ಲಿಗೆ ಮುಟ್ಟುತ್ತೆ?

ಚಿಕ್ಕೋಡಿ, ನಿಪ್ಪಾಣಿ ಕಡೆಯವರು ಈಗಾಗಲೇ ತಲೆ ಆಡಿಸ್ತಿರ್ತಾರೆ. ಕೃಷ್ಣಾ, ದೂಧಗಂಗಾ, ವೇದಗಂಗಾ ಸೇರೋ ಆ ಭಾಗದಲ್ಲಿ ಕೆಳಮಟ್ಟದ ಸೇತುವೆಗಳು ಎಷ್ಟಿವೆ ನೋಡಿ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ. ಮಹಾರಾಷ್ಟ್ರದ ಘಟ್ಟದಲ್ಲಿ ನಾಲ್ಕು ದಿನ ಮಳೆ ಜೋರಾದ್ರೆ ಸಾಕು, ಇವು ಮುಳುಗಿದ ಸುದ್ದಿ ಬರುತ್ತೆ. ಅಲ್ಲಿಯ ಜನಕ್ಕೆ ಇದು ಹೊಸದಲ್ಲ, ಮಳೆಗಾಲದ ಮಾತು ಅಷ್ಟೇ. 2019ರ ಆಗಸ್ಟ್‌ನಲ್ಲಂತೂ ಸಣ್ಣ ಸೇತುವೆ ಬಿಡಿ, ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಮೇಲೇ ವೇದಗಂಗೆ ನೀರು ಬಂತು. ಲಾರಿಗಳು ಸಾಲುಗಟ್ಟಿ ನಿಂತವು. ಲಾರಿ ಹೊರಟಿತ್ತು ಸ್ವಾಮಿ, ಹೊರಟಿತ್ತು!

ಅದಕ್ಕೇ ಇವತ್ತು ನಾನು ಕೇಳೋದು ಒಂದೇ ಪ್ರಶ್ನೆ. ನಿಮ್ಮ ಅಕ್ಕಿ ಸೇತುವೆಯ ಯಾವ ಕಡೆ ಇದೆ?

ನನ್ನ ತಾಯಿಯ ತವರು ಕೃಷ್ಣೆಯ ದಂಡೆಯಲ್ಲಿ. ಊರಿನ ಹೆಸರು ಬೇಡ. 2019ರಲ್ಲಿ ಮೊದಲು ಹೊಳೆಯ ಸೇತುವೆ ಹೋಯ್ತು. ಜನ ಗಾಬರಿ ಆಗಲಿಲ್ಲ, ಯಾಕಂದ್ರೆ ಹಿಂದಿನ ದಾರಿ ಇತ್ತಲ್ಲ. ಆ ದಾರಿಗೆ ಅಡ್ಡ ಒಂದು ಹಳ್ಳ. ಹೊಳೆ ಏರಿದಾಗ ಹಳ್ಳದ ನೀರಿಗೆ ಹೋಗೋಕೆ ಜಾಗ ಇಲ್ಲ, ಹೊಳೆ ನೀರೇ ಹಳ್ಳದೊಳಗೆ ನುಗ್ಗುತ್ತೆ. ಎರಡು ದಿನ ಆದ ಮೇಲೆ ರಾತ್ರಿ ಹಳ್ಳದ ಮೋರಿನೂ ಮುಳುಗಿತು. ನಮ್ಮ ಸೋದರಮಾವ ಇವತ್ತಿಗೂ ಹೇಳ್ತಾರೆ: "ಹೊಳಿ ಬಂದಿದ್ದು ಕಂಡ್ವಿ ತಮ್ಮಾ. ಹಳ್ಳ ಹಿಂದಕ್ಕ ಹರದಿದ್ದು ಯಾರೂ ನೋಡ್ಲಿಲ್ಲ." ಆರು ದಿನ ದಾರಿ ಇರಲಿಲ್ಲ. ಮೂರನೇ ದಿನ ಮಧ್ಯಾಹ್ನ ಮೊದಲ ದೋಣಿ ಬಂತು. ಅಲ್ಲಿವರೆಗೆ ಊರಲ್ಲಿ ಏನಿತ್ತೋ ಅದೇ.

ಈ ಕಥೆಯಲ್ಲೇ ಲೆಕ್ಕ ಇದೆ. ಎಷ್ಟು ಇಡಬೇಕು ಅಂತ ಕೇಳಿದ್ರೆ ಜಿಲ್ಲೆಯ ಜನಸಂಖ್ಯೆ ತೆಗೆದು ಭಾಗಾಕಾರ ಮಾಡಬೇಡಿ. ಊರಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ಕಡೆಯ ದಾರಿ ಮುಚ್ಚಿದ ಮೇಲೆ ನಂಬಿಕೆಯ ಮೊದಲ ದೋಣಿ ಎಷ್ಟನೇ ದಿನ ಬಂತು? ಮನೆ ಬಿಟ್ಟವರಲ್ಲಿ ಎಷ್ಟು ಜನ ಬೀಗರ ಮನೆಗೆ ಹೋದ್ರು, ಎಷ್ಟು ಜನ ಕಾಳಜಿ ಕೇಂದ್ರಕ್ಕೆ ಬಂದ್ರು? 2005, 2019, 2021, ಮೂರು ವರ್ಷದ್ದೂ ಕೇಳಿ. ಹಿರಿಯರಿಗೆ ನೆನಪಿರುತ್ತೆ, ನೀರು ನಿಂತ ಗುರುತು ಗೋಡೆ ಮೇಲಿರುತ್ತೆ.

ಈಗ 600 ಮನೆಯ ಒಂದು ಊರು ಅಂತ ಇಟ್ಟುಕೊಳ್ಳಿ. 3000 ಜನ. ಅದರಲ್ಲಿ 1200 ಜನ ಶಾಲೆಯ ಕಾಳಜಿ ಕೇಂದ್ರಕ್ಕೆ ಬರ್ತಾರೆ. ದೋಣಿ ಮೂರನೇ ದಿನ ಬರುತ್ತೆ, ತಡ ಆದ್ರೆ ಇರಲಿ ಅಂತ ಇನ್ನೊಂದು ದಿನ ಸೇರಿಸಿ. ನಾಲ್ಕು ದಿನ. ಒಬ್ಬರಿಗೆ ದಿನಕ್ಕೆ 400 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ ಹಿಡಿದ್ರೆ 1920 ಕೆಜಿ ಅಕ್ಕಿ, 288 ಕೆಜಿ ಬೇಳೆ. 50 ಕೆಜಿ ಚೀಲದಲ್ಲಿ ಅಕ್ಕಿ ಮೂವತ್ತೊಂಬತ್ತು ಚೀಲ, ಬೇಳೆ ಆರು ಚೀಲ. ಒಂದು ಶಾಲಾ ಕೋಣೆಯ ಮೂಲೆ! ಇದಕ್ಕೆ ಜಿಲ್ಲಾ ಗೋದಾಮು ಬೇಕಾ? ಇದು ಸೇತುವೆಯ ಈಚೆ ಕಡೆ ಇರೋಕೆ ಆಗಲ್ವಾ?

ನೀರಿನ ವಿಷಯಕ್ಕೆ ಬರೋಣ, ಇಲ್ಲಿ ಎಲ್ಲರೂ ಎಡವೋದು. ಕುಡಿಯೋಕೆ ಒಬ್ಬರಿಗೆ ದಿನಕ್ಕೆ 3 ಲೀಟರ್ ಅಂದ್ರೆ 14,400 ಲೀಟರ್. ಒಂದು ಲೀಟರ್ ಬಾಟಲಿಯಲ್ಲಿ ಇಡ್ತೀನಿ ಅಂದ್ರೆ ಹನ್ನೆರಡರ ಪೆಟ್ಟಿಗೆ 1200 ಬೇಕು. ಅದೇ 20 ಲೀಟರಿಗೆ ಒಂದು ಅನ್ನೋ ಕ್ಲೋರಿನ್ ಗುಳಿಗೆ ಇಟ್ರೆ 720 ಗುಳಿಗೆ. ನೆರೆ ನೀರು ಕೆಂಪಗೆ ಕದಡಿರುತ್ತೆ, ಡಬಲ್ ಹಾಕಬೇಕಾಗುತ್ತೆ ಅಂತ 1440 ಇಡಿ. ಆದರೂ ಒಂದು ರಟ್ಟಿನ ಡಬ್ಬಿ! ಜೊತೆಗೆ ಪಟಿಕ, ಸೋಸೋಕೆ ಬಿಳಿ ಬಟ್ಟೆ, ನಲ್ಲಿ ಇರೋ ದೊಡ್ಡ ಡ್ರಮ್ಮು. ಪಟಿಕ ಹಾಕಿ ಕೆಸರು ಕೆಳಗೆ ಕೂತ ಮೇಲೆ ತಿಳಿ ಬಸಿದು ಗುಳಿಗೆ ಹಾಕಬೇಕು, ಅರ್ಧ ಗಂಟೆ ಬಿಟ್ಟು ಕುಡೀಬೇಕು. ಕೆಸರಲ್ಲೇ ಗುಳಿಗೆ ಹಾಕಿದ್ರೆ ಕ್ಲೋರಿನ್ ಕೆಸರಿಗೇ ಖರ್ಚಾಗಿ ಹೋಗುತ್ತೆ.

ಇನ್ನು ದನ. ಪಟ್ಟಣದಲ್ಲಿ ಕೂತು ಪಟ್ಟಿ ಮಾಡೋರಿಗೆ ದನ ನೆನಪೇ ಆಗಲ್ಲ. ಎಮ್ಮೆ ಬಿಟ್ಟು ದೋಣಿ ಹತ್ತು ಅಂದ್ರೆ ಯಾವ ಅಜ್ಜಿ ಹತ್ತುತ್ತಾಳೆ ಹೇಳಿ. ಆ ಊರಲ್ಲಿ 400 ದನ ಇದ್ರೆ, ದಿನಕ್ಕೆ ಒಂದಕ್ಕೆ 6 ಕೆಜಿ ಒಣ ಮೇವು ಅಂದ್ರೂ ನಾಲ್ಕು ದಿನಕ್ಕೆ 9600 ಕೆಜಿ. ಅಕ್ಕಿಯ ಐದು ಪಟ್ಟು! ಇದನ್ನ ದೋಣಿಯಲ್ಲಿ ತರ್ತೀರಾ? ಅದಕ್ಕೇ ಎತ್ತರದ ಹೊಲ ಇರೋ ನಾಲ್ಕೈದು ರೈತರ ಜೊತೆ ಜೂನ್‌ನಲ್ಲೇ ಮಾತಾಡಿ, ಒಂದಿಷ್ಟು ಮುಂಗಡ ಕೊಟ್ಟು, ಕಣಕಿ ಬಣವಿಯನ್ನ ಅಲ್ಲೇ ಉಳಿಸಿಕೊಳ್ಳಬೇಕು. ಮೇಲೆ ಚೆನ್ನಾಗಿ ಹೊದಿಕೆ ಇದ್ರೆ ಕಣಕಿ ಕೆಡಲ್ಲ. ನೆರೆ ಬರಲಿಲ್ಲ ಅಂದ್ರೆ ಅವರ ದನವೇ ತಿನ್ನುತ್ತೆ. ಆದರೆ ಬಣವಿ ಯಾವ ಕಡೆ ಇರಬೇಕು? ಹೇಳಿ, ಯಾವ ಕಡೆ?

ಸ್ವಲ್ಪ ನೀರು ಕುಡೀತೀನಿ. ಹೊಸದಾಗಿ ಬಂದವರು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಹೊಳೆ ದಂಡೆಯ ಊರಿನ ಗ್ರೂಪಿಗೆ ಇದನ್ನ ಕಳಿಸಿ. ಪಂಚಾಯ್ತಿ ಸದಸ್ಯರು ಇರೋ ಗ್ರೂಪಿಗೆ ಮೊದಲು ಕಳಿಸಿ.

ಈಗ ಬರುತ್ತೆ ದೊಡ್ಡ ಆಕ್ಷೇಪ. "ಊರೂರಲ್ಲಿ ಇಟ್ರೆ ಹುಳ ಹಿಡಿಯುತ್ತೆ, ಅವಧಿ ಮೀರುತ್ತೆ, ದುಡ್ಡು ದಂಡ." ಸ್ವಾಮಿ, ಅವಧಿ ಮೀರೋದು ಊರಲ್ಲಲ್ಲ, ಗೋದಾಮಿನಲ್ಲಿ! ನಾನು ಒಂದು ಗೋದಾಮು ಕಣ್ಣಾರೆ ನೋಡಿದ್ದೀನಿ. ಬ್ಲೀಚಿಂಗ್ ಪೌಡರ್ ಚೀಲ ಬಿಚ್ಚಿದ್ರು. ಪುಡಿ ಅಲ್ಲ, ಹೆಂಟೆ. ಮೂಗಿಗೆ ಹಿಡಿದು ನೋಡಿದೆ, ವಾಸನೆಯೇ ಇಲ್ಲ. ಒಳ್ಳೆ ಬ್ಲೀಚಿಂಗ್ ಪೌಡರ್ ಚೀಲ ಬಿಚ್ಚಿದ್ರೆ ಕಣ್ಣು ಉರಿಯಬೇಕು. ತೇವ ತಾಗಿ ತಾಗಿ ಕ್ಲೋರಿನ್ ಹಾರಿ ಹೋಗಿ ಉಳಿದದ್ದು ಬರೀ ಸುಣ್ಣ. ಅದನ್ನ ಬಾವಿಗೆ ಹಾಕಿ "ನೀರು ಶುದ್ಧ ಆಯ್ತು" ಅಂತ ಮಕ್ಕಳಿಗೆ ಕುಡಿಸ್ತಾರೆ. ಪಕ್ಕದಲ್ಲೇ ಬಿಸ್ಕೆಟ್ ಪೆಟ್ಟಿಗೆಗಳು, ಹೊಸದು ಮುಂದೆ, ಹಳೇದು ಗೋಡೆಗೆ. ಕೈಗೆ ಸಿಕ್ಕಿದ್ದು ಮೊದಲು ಹೋಗುತ್ತೆ, ಗೋಡೆ ಹತ್ತಿರದ್ದು ಅಲ್ಲೇ ಸಾಯುತ್ತೆ.

ಬೇಗ ಕೆಡೋ ಸಾಮಾನಿಗೆ ಉಪಾಯ ಒಂದೇ. ಅದು ದಿನಾ ಖರ್ಚಾಗೋ ಜಾಗದಲ್ಲೇ ಇರಬೇಕು. ಅಕ್ಕಿ ಎಲ್ಲಿ ಖರ್ಚಾಗುತ್ತೆ? ನ್ಯಾಯಬೆಲೆ ಅಂಗಡಿಯಲ್ಲಿ. ಜೂನ್‌ನಲ್ಲಿ ಆ ಮೂವತ್ತೊಂಬತ್ತು ಚೀಲ ಹೆಚ್ಚಿಗೆ ಇಳಿಸಿ. ಪ್ರತಿ ತಿಂಗಳು ಹಳೇ ಚೀಲ ಕಾರ್ಡಿನವರಿಗೆ ಹೋಗಲಿ, ಹೊಸ ಚೀಲ ಅದರ ಜಾಗಕ್ಕೆ ಬರಲಿ. ಅಕ್ಟೋಬರ್ ಮುಗಿದ ಮೇಲೆ ಮುಂದಿನ ಕೋಟಾದಲ್ಲಿ ಅಷ್ಟು ಕಡಿಮೆ ತರಿಸಿ. ಹುಳ ಹಿಡಿಯೋಕೆ ಅಕ್ಕಿ ಅಲ್ಲಿ ನಿಲ್ಲೋದೇ ಇಲ್ಲ. ಹಾಲಿನ ಪುಡಿ, ಬೇಳೆ, ಎಣ್ಣೆ ಶಾಲೆಯ ಬಿಸಿಯೂಟದಲ್ಲಿ ತಿರುಗಲಿ. ಬ್ಲೀಚಿಂಗ್ ಪೌಡರ್ ಪಂಚಾಯ್ತಿಯ ನೀರಿನ ಟ್ಯಾಂಕಿಗೆ ಹೇಗೂ ಬೇಕಲ್ಲ, ನೀರಗಂಟಿ ಹತ್ತಿರ ಇರಲಿ, ಹಳೇದು ಮೊದಲು ಖರ್ಚಾಗಲಿ. ಯಾವುದು ಮೊದಲು ಬಂತು ಅಂತ ನೋಡಬೇಡಿ, ಯಾವುದರ ಅವಧಿ ಮೊದಲು ಮುಗಿಯುತ್ತೆ ಅಂತ ನೋಡಿ. ನಿನ್ನೆ ಬಂದ ಪೆಟ್ಟಿಗೆಯ ತಾರೀಕು ಹೋದ ತಿಂಗಳು ಬಂದಿದ್ದಕ್ಕಿಂತ ಮೊದಲೇ ಇರಬಹುದು. ಪೆಟ್ಟಿಗೆ ಮೇಲೆ ದಪ್ಪ ಪೆನ್ನಿನಲ್ಲಿ ತಾರೀಕು ಬರೀರಿ, ಬಾಗಿಲಿಗೆ ಮುಖ ಮಾಡಿ ಇಡಿ.

ಜೋಳದ ಹಿಟ್ಟು ಮಾತ್ರ ಇಡಬೇಡಿ, ಕೆಲವೇ ವಾರದಲ್ಲಿ ಕಮಟು ವಾಸನೆ ಬರುತ್ತೆ. ಜೋಳ ಇಡಿ. ಇಲ್ಲಾಂದ್ರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿ ಮಾಡೋ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಮೊದಲೇ ಹೇಳಿಟ್ರೆ ಅವರ ಮಾರಾಟದ ದಾಸ್ತಾನೇ ಊರಿನ ದಾಸ್ತಾನು. ಒಲೆ ಹಚ್ಚೋಕೆ ಆಗದ ಮೊದಲ ರಾತ್ರಿಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ತಾಡಪಾಲು, ಕಂಬಳಿ, ದೋಣಿ ಎಂಜಿನ್ನು ತಾಲ್ಲೂಕಿನಲ್ಲಿ ಇರಲಿ, ಒಪ್ತೀನಿ. ಅವು ಕೆಡಲ್ಲ, ಯಾವ ಊರಿಗೆ ಬೇಕಾಗುತ್ತೋ ಗೊತ್ತಿರಲ್ಲ. ಆದರೆ ಮೊದಲ ನಾಲ್ಕು ದಿನದ ಊಟ, ನೀರು, ಮೇವು? ಈಚೆ ಕಡೆ! 2019ರ ನೀರಿನ ಗುರುತಿಗಿಂತ ಮೇಲೆ, ಈಚೆ ಕಡೆ! ಪಂಚಾಯ್ತಿ ಕಟ್ಟಡವೇ ಮುಳುಗಿದ ಊರಲ್ಲಿ ಮತ್ತೆ ಅದೇ ಕಟ್ಟಡದಲ್ಲಿ ಇಡಬೇಡಿ. ಬೀಗದ ಕೈ ಮೂರು ಜನರ ಹತ್ತಿರ ಇರಲಿ. ಒಬ್ಬರೇ ಇಟ್ಟುಕೊಂಡ್ರೆ ಅವರು ಆ ದಿನ ಅಥಣಿಗೆ ಹೋಗಿರ್ತಾರೆ.

"ಹೆಲಿಕಾಪ್ಟರ್ ಬರುತ್ತೆ" ಅಂತ ಇನ್ನೊಬ್ಬರು. ಬರಲಿ, ಮನೆ ಮಾಳಿಗೆ ಮೇಲೆ ಸಿಕ್ಕಿಬಿದ್ದವರನ್ನ ಎತ್ತಲಿ. ಎಮ್ಮೆಗೆ ಕಣಕಿ ಇಳಿಸೋಕೆ ಬರುತ್ತಾ? "ಕಳ್ಳತನ ಆಗುತ್ತೆ" ಅಂತ ಮತ್ತೊಬ್ಬರು. ವರ್ಷವಿಡೀ ರೇಷನ್ ಅಕ್ಕಿ ಇಟ್ಟ ಅದೇ ಅಂಗಡಿ ರೀ, ಅದೇ ಬೀಗ! ನಾನು ಇನ್ನೆಷ್ಟು ಸಲ ಹೇಳಲಿ? ಕಾಗದದಲ್ಲಿ ಟನ್ನುಗಟ್ಟಲೆ ತೋರಿಸಬೇಡಿ ನನಗೆ. ಯಾವ ಕಡೆ? ಹೊಳೆಯ ಯಾವ ಕಡೆ, ಹಳ್ಳದ ಯಾವ ಕಡೆ, ಅಷ್ಟು ಹೇಳಿ.

ಇದನ್ನ ನೋಡ್ತಿರೋ ದಂಡೆಯ ಊರಿನವರು ಕೆಳಗೆ ಬರೀರಿ. ನಿಮ್ಮೂರಿನ ಯಾವ ಸೇತುವೆ ಮುಳುಗಿತು, ಹಿಂದಿನ ಹಳ್ಳ ಯಾವಾಗ ಮುಚ್ಚಿತು, ಮೊದಲ ದೋಣಿ ಎಷ್ಟನೇ ದಿನ ಬಂತು, ಆವತ್ತು ಅಕ್ಕಿ ಎಲ್ಲಿತ್ತು. ಊರಿಗೊಂದು ಸಾಲು ಸಾಕು. ಮುಂದಿನ ಸಂಚಿಕೆಯಲ್ಲಿ ಒಂದೂ ಬಿಡದೆ ಓದ್ತೀನಿ.